ಪುಟ್ಟಿಗೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮುಂಚೆ

ಪುಟ್ಟಿ,

ಎರಡು ದಿನದಿಂದ ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಏಳ್ತಿದ್ದೀಯಂತೆ, ಅಮ್ಮ ಹೇಳಿದ್ಲು. ಫೋನ್‌ನಲ್ಲಿ ಕೇಳಿದ್ರೆ "ಏನಿಲ್ಲ ಅಪ್ಪ" ಅಂತೀಯ. ಅದಕ್ಕೇ ಬರೀತಿದ್ದೀನಿ.

ಪ್ರಿಪರೇಟರಿಯಲ್ಲಿ ಗಣಿತಕ್ಕೆ 80ಕ್ಕೆ 43 ಬಂದಿದ್ದು ಮನಸ್ಸಲ್ಲಿ ಕೊರೀತಿದೆ ಅಂತ ಗೊತ್ತು. ಹೋದ ಸಲ ಊರಿಗೆ ಬಂದಾಗ ಆ ಉತ್ತರ ಪತ್ರಿಕೆ ಕೂತು ನೋಡಿದೆ. ಥೇಲ್ಸ್ ಪ್ರಮೇಯಕ್ಕೆ ಚಿತ್ರ ಬರೆದು, ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಒಂದೊಂದೇ ಸಾಲು ಅಚ್ಚುಕಟ್ಟಾಗಿ ಬರೆದಿದ್ದೀಯ. ಕೊನೆ ಪುಟದಲ್ಲಿ ಮಾತ್ರ ಅಕ್ಷರ ಓಡಿದೆ, ಎರಡು ಲೆಕ್ಕ ಅರ್ಧಕ್ಕೆ ನಿಂತಿದೆ. ನಿಂಗೆ ಗಣಿತ ಬರಲ್ಲ ಅಂತ ಆ ಪತ್ರಿಕೆ ಎಲ್ಲೂ ಹೇಳಲ್ಲ ಕಂದ. ಟೈಮ್ ಸಾಲಲಿಲ್ಲ, ಅಷ್ಟೇ. ಪ್ರಶ್ನೆ ಪತ್ರಿಕೆ ಓದೋಕೆ ಅಂತಲೇ 15 ನಿಮಿಷ ಕೊಡ್ತಾರಲ್ಲ, ಅವಾಗ ಚೆನ್ನಾಗಿ ಬರೋ ಪ್ರಶ್ನೆಗಳನ್ನ ಗುರುತು ಹಾಕ್ಕೋ, ಮೊದಲು ಅವನ್ನೇ ಮುಗಿಸು. ಬರದೇ ಇದ್ದಿದ್ದರ ಮುಂದೆ ಕೂತು ಬೆವರಬೇಡ, ಮುಂದಕ್ಕೆ ಹೋಗು.

ಒಂದು ವೇಳೆ ಒಂದು ಪೇಪರ್ ಕೈಕೊಟ್ಟರೂ ಪರೀಕ್ಷೆ-2 ಇದೆ. ಎರಡರಲ್ಲಿ ಯಾವುದರಲ್ಲಿ ಜಾಸ್ತಿ ಬರುತ್ತೋ ಅದೇ ನಿನ್ನ ಅಂಕ. ಈಗಲೇ ಅದರ ಯೋಚನೆ ಬೇಡ, ದಾರಿ ಇದೆ ಅಂತ ಗೊತ್ತಿರಲಿ ಅಂತ ಹೇಳಿದೆ.

ಮದುವೆ ಮನೇಲಿ ದೊಡ್ಡಪ್ಪ ಎಲ್ಲರ ಮುಂದೆ "ಎಷ್ಟು ಪರ್ಸೆಂಟ್ ತೆಗೀತೀಯಮ್ಮ" ಅಂದಾಗ ನಿನ್ನ ಮುಖ ಬಾಡಿದ್ದು ನೋಡಿದ್ದೀನಿ. ಅವರ ಹತ್ರ ಮಾತಾಡಿದ್ದೀನಿ, ರಿಸಲ್ಟ್ ಬಗ್ಗೆ ಇನ್ನು ಮನೇಲಿ ಯಾರೂ ನಿನ್ನ ಕೇಳಲ್ಲ. ಪಕ್ಕದ ಮನೆ ಅಕ್ಕ 625ಕ್ಕೆ 600ರ ಮೇಲೆ ತೆಗೆದಿದ್ದು ಅವಳಿಗೆ ಸಂತೋಷ, ನಮಗೂ ಸಂತೋಷ. ಅದನ್ನ ನಿನ್ನ ಜೊತೆ ಹೋಲಿಸೋ ಮಾತು ನಮ್ಮ ಬಾಯಲ್ಲಿ ಬರಲ್ಲ. ಪಿಯುಗೆ ಸೈನ್ಸಾ ಕಾಮರ್ಸಾ ಅನ್ನೋದು ಆಮೇಲೆ ಮೂರು ಜನ ಕೂತು ಮಾತಾಡೋಣ. ಫೀಸಿನ ಚಿಂತೆ ನಂದು, ಅದನ್ನ ನೀನು ತಲೆಗೆ ಹಚ್ಕೋಬೇಡ.

ನಂಗೆ ನಿನ್ನ ಮೇಲೆ ಹೆಮ್ಮೆ ಇದೆ ಪುಟ್ಟಿ. ಅಮ್ಮ ಹೊಲಕ್ಕೆ ಹೋದಾಗ ಅಜ್ಜಿಗೆ ಮಾತ್ರೆ ಕೊಟ್ಟು, ತಮ್ಮನಿಗೆ ಮಗ್ಗಿ ಹೇಳಿಕೊಟ್ಟು, ಆಮೇಲೆ ಓದೋಕೆ ಕೂತಿದ್ದೀಯ ವರ್ಷವೆಲ್ಲ. ಯಾವ ಅಂಕಪಟ್ಟಿ ಬಂದರೂ ಈ ಹೆಮ್ಮೆ ಕಮ್ಮಿ ಆಗಲ್ಲ.

ಇವತ್ತು ಹತ್ತಕ್ಕೆ ಪುಸ್ತಕ ಮುಚ್ಚಿ ಮಲಗು. ಗಣಿತದ ದಿನಕ್ಕೆ ರಜೆ ಹಾಕಿದ್ದೀನಿ, ಹಿಂದಿನ ರಾತ್ರಿಯೇ ಬಸ್ ಹತ್ತುತೀನಿ, ಸೆಂಟರ್‌ಗೆ ನಾನೇ ಗಾಡೀಲಿ ಬಿಡ್ತೀನಿ. ಪೇಪರ್ ಹೇಗಿತ್ತು ಅಂತ ನಾನಾಗೇ ಕೇಳಲ್ಲ, ನಿಂಗೆ ಹೇಳಬೇಕು ಅನ್ಸಿದ್ರೆ ಹೇಳು. ಜಾಮಿಟ್ರಿ ಬಾಕ್ಸ್‌ನಲ್ಲಿ ಕೈವಾರದ ತಿರುಪು ಸಡಿಲ ಆಗಿತ್ತಲ್ಲ, ಹೊಸದು ತರ್ತೀನಿ. ಬೇರೆ ಏನಾದ್ರೂ ಬೇಕಿದ್ರೆ ಬರೆದು ಕಳಿಸು.

ಅಪ್ಪ