ಸಂಕ್ರಾಂತಿ ಸಂತೆ: ಸ್ವಯಂಸೇವಕರ ಮಾಹಿತಿ ಹಾಳೆ

ಜನವರಿ 11, ಭಾನುವಾರ. ಸುಭಾಷ್ ನಗರ, ಮಂಡ್ಯ, ಬಡಾವಣೆ ಮೈದಾನ. ಸಂತೆ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ.

ಬಂದ ಕೂಡಲೇ ಮೈಕ್ ಟೆಂಟ್‌ಗೆ ಬನ್ನಿ. ಸಹಿ ಹಾಕಿ, ಹಳದಿ ಟೋಪಿ ಮತ್ತು ಬ್ಯಾಡ್ಜ್ ತಗೊಳ್ಳಿ. ಸಹಿ ಇಲ್ಲದಿದ್ದರೆ ನೀವು ಬಂದಿದ್ದು ನಮಗೆ ಗೊತ್ತಾಗಲ್ಲ.

ಯಾರು, ಎಷ್ಟು ಹೊತ್ತಿಗೆ

6:30 – ಶಾಮಿಯಾನ, ಟೇಬಲ್ (8 ಜನ). ತಿಂಡಿ ಇಲ್ಲೇ ಕೊಡುತ್ತೇವೆ.
8:00 – ಮೈಕ್ ಟೆಂಟ್ (3), ತಿಂಡಿ ಮಳಿಗೆ (6).
8:30 – ಗೇಟ್, ಪಾರ್ಕಿಂಗ್ (6). ಗೇಟ್‌ನಿಂದ ವೇದಿಕೆವರೆಗಿನ ದಾರಿಯಲ್ಲಿ ಒಂದು ಬೈಕ್ ಕೂಡ ನಿಲ್ಲಬಾರದು. ಆಂಬುಲೆನ್ಸ್ ಬರುವುದು ಅಲ್ಲೇ.
9:00 – ಮಕ್ಕಳ ಆಟ (5).
9:30 – ಕಸ (6). ಹಿಂಡಿದ ಕಬ್ಬಿನ ಸಿಪ್ಪೆಗೆ ಬೇರೆ ಚೀಲ.

9:15ಕ್ಕೆ ಅಷ್ಟು ಹೊತ್ತಿಗೆ ಬಂದವರೆಲ್ಲ ವೇದಿಕೆ ಮುಂದೆ ಸೇರಿ, 10 ನಿಮಿಷದ ಮಾತಿದೆ. ಕಸದವರಿಗೆ ಬಂದ ಮೇಲೆ ಬೇರೆಯಾಗಿ ಹೇಳುತ್ತೇವೆ. ಮಧ್ಯಾಹ್ನದ ಪಾಳಿಯವರು 1:30ಕ್ಕೆ ಬನ್ನಿ, 2ಕ್ಕೆ ಬದಲಿ. ನಿಮ್ಮ ಜಾಗಕ್ಕೆ ಬೇರೆಯವರು ಬರುವವರೆಗೂ ಬಿಟ್ಟು ಹೋಗಬೇಡಿ.

ತಿಂಡಿ ಮಳಿಗೆಯವರು ಕಬ್ಬಿನ ಹಾಲಿನ ಮಿಷನ್ ಕಡೆ ಒಂದು ಕಣ್ಣಿಡಿ. ಹಗ್ಗದ ಒಳಗೆ ಮಕ್ಕಳು ಬರಬಾರದು. ಕಬ್ಬು ಸಿಕ್ಕಿಕೊಂಡರೆ ಮೊದಲು ಸ್ವಿಚ್ ಆಫ್, ಆಮೇಲೆ ಕೈ.

ಮಗು ಕಳೆದುಹೋದರೆ

ಹೋದ ವರ್ಷ ಒಂದು ಪುಟ್ಟ ಹುಡುಗಿ ಬಲೂನ್ ಹಿಡಿದುಕೊಂಡು ಅರ್ಧ ಗಂಟೆ ಅಳುತ್ತಾ ನಿಂತಿದ್ದಳು. ನಮ್ಮಲ್ಲಿ ಮೂವರು ನೋಡಿದ್ದೆವು. ಇನ್ನೊಬ್ಬರು ಹೇಳಿರುತ್ತಾರೆ ಅಂದುಕೊಂಡು ಯಾರೂ ಹೇಳಲಿಲ್ಲ. ಈ ಸಲ ಹಾಗಾಗಬಾರದು. ಮೊದಲು ನೋಡಿದವರೇ ಹೇಳಬೇಕು.

ಮಗುವನ್ನು ಇಬ್ಬರು ಸೇರಿ ಮೈಕ್ ಟೆಂಟ್‌ಗೆ ಕರೆತನ್ನಿ. ಮೈಕ್‌ನಲ್ಲಿ ಮಗುವಿನ ಹೆಸರು, ಬಟ್ಟೆ ಬಣ್ಣ ಹೇಳಬೇಡಿ. "ಮಗುವನ್ನು ಹುಡುಕುತ್ತಿರುವವರು ಟೆಂಟ್‌ಗೆ ಬನ್ನಿ" ಅಂದರೆ ಸಾಕು. ಬಂದವರೇ ಹೆಸರು, ಬಟ್ಟೆ ಹೇಳಲಿ. ಸರಿಹೋದರೆ ಸಹಿ ಮಾಡಿಸಿಕೊಂಡು ಕಳಿಸಿ. ಅನುಮಾನ ಇದ್ದರೆ ಕಳಿಸಬೇಡಿ, ಸಂತೆ ಮುಖ್ಯಸ್ಥರನ್ನು ಕರೆಯಿರಿ. ಯಾರೂ ಬರದಿದ್ದರೆ ಮಕ್ಕಳ ಸಹಾಯವಾಣಿ 1098.

ಯಾರಿಗೆ ಹೇಳಬೇಕು

ಮೊದಲು ನಿಮ್ಮ ತಂಡದ ಮುಖ್ಯಸ್ಥರಿಗೆ (ಹಸಿರು ಟೋಪಿ). ಎರಡು ನಿಮಿಷದಲ್ಲಿ ಸಿಗದಿದ್ದರೆ ಮೈಕ್ ಟೆಂಟ್‌ಗೆ, ವಾಕಿಟಾಕಿ ಚಾನೆಲ್ 1. ಅಲ್ಲಿಂದ ಸಂತೆ ಮುಖ್ಯಸ್ಥರಿಗೆ, ಚಾನೆಲ್ 2. ಮೂವರ ಫೋನ್ ನಂಬರ್ ನಿಮ್ಮ ಬ್ಯಾಡ್ಜ್ ಹಿಂದೆ ಇದೆ, ಮನೆಯಿಂದ ಬಂದ ಕೂಡಲೇ ಸೇವ್ ಮಾಡಿಕೊಳ್ಳಿ.

ಜಗಳ, ದುಡ್ಡಿನ ತಕರಾರು, ಮಳಿಗೆ ಜಾಗದ ವಿಷಯ: ಇವನ್ನು ನೀವು ತೀರ್ಮಾನ ಮಾಡಬೇಡಿ, ಹಸಿರು ಟೋಪಿಯವರಿಗೆ ಬಿಡಿ.

ಪ್ರಾಣಕ್ಕೆ ಅಪಾಯ ಅಂದರೆ ಯಾರ ಅನುಮತಿಗೂ ಕಾಯಬೇಡಿ. ಆಂಬುಲೆನ್ಸ್ 108. ಬೆಂಕಿ, ಪೊಲೀಸ್ 112. ಫೋನ್ ಮಾಡಿದ ಮೇಲೆ ಮೈಕ್ ಟೆಂಟ್‌ಗೆ ತಿಳಿಸಿ. ಗೇಟ್ ತಂಡದ ಒಬ್ಬರು ರಸ್ತೆಗೆ ಹೋಗಿ ಗಾಡಿಗೆ ದಾರಿ ತೋರಿಸುತ್ತಾರೆ. ಕರೆಂಟ್ ಹೊಡೆದವರನ್ನು ಮುಟ್ಟಬೇಡಿ. ಜನರೇಟರ್ ಪಕ್ಕದ ಕೆಂಪು ಮೇನ್ ಸ್ವಿಚ್ ಮೊದಲು ಆರಿಸಿ.

ಸಂಜೆ 7ಕ್ಕೆ ಟೋಪಿ, ವಾಕಿಟಾಕಿ ಟೆಂಟ್‌ನಲ್ಲಿ ಕೊಟ್ಟು, ಸಹಿ ಹಾಕಿ. ಎಳ್ಳು–ಬೆಲ್ಲದ ಪೊಟ್ಟಣ ಅಲ್ಲೇ ಇರುತ್ತದೆ, ಮರೆಯದೆ ತಗೊಂಡು ಹೋಗಿ.