ಓಆರ್‌ಎಸ್ ಕರಪತ್ರ, ಮೊದಲ ಕರಡು: ಅಂಚಿನ ಟಿಪ್ಪಣಿಗಳು

ಮೇಲ್ಭಾಗದಲ್ಲಿ:
ಪೂರ್ತಿ ಓದಿದೆ. ಬೇಕಾದ ವಿಷಯ ಹೆಚ್ಚುಕಡಿಮೆ ಎಲ್ಲಾ ಇದೆ. ನಿಮ್ಮ ವಾಕ್ಯಗಳನ್ನು ನಾನು ತಿದ್ದಿ ಬರೆದಿಲ್ಲ. ಓದುವವರು ಎಲ್ಲಿ ಎಡವಬಹುದು ಅನ್ನಿಸಿತೋ ಅಲ್ಲಿ ಕಾರಣ ಹೇಳಿದ್ದೇನೆ, ತಿದ್ದುವುದು ನಿಮಗೇ ಬಿಟ್ಟಿದ್ದು. ಒಬ್ಬ ತಾಯಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ನಡುರಾತ್ರಿ, ಒಂದು ತೋಳಲ್ಲಿ ಭೇದಿಯಿಂದ ಸುಸ್ತಾದ ಮಗು, ಇನ್ನೊಂದು ಕೈಯಲ್ಲಿ ಈ ಹಾಳೆ.

"ಅತಿಸಾರವು ಮಕ್ಕಳಲ್ಲಿ ಕಂಡುಬರುವ ಒಂದು ಪ್ರಮುಖ ಆರೋಗ್ಯ ಸಮಸ್ಯೆಯಾಗಿದೆ."
ನಿಜ. ಆದರೆ ಆ ತಾಯಿಗೆ ಇದು ಗೊತ್ತಿರುವುದೇ ಅಲ್ವಾ? ಈಗ ಏನು ಮಾಡಬೇಕು ಅಂತ ಹುಡುಕುತ್ತಿದ್ದಾರೆ. ಅದು ನಿಮ್ಮ ನಾಲ್ಕನೇ ಪ್ಯಾರಾದಲ್ಲಿದೆ. ಅದನ್ನು ಮೇಲೆ ತಂದು ಒಮ್ಮೆ ಓದಿ, ಆಮೇಲೂ ಈ ಸಾಲು ಬೇಕು ಅನ್ನಿಸಿದರೆ ಮಾತಾಡೋಣ.

"ಪ್ಯಾಕೆಟ್ ಸಿಗದಿದ್ದಲ್ಲಿ ಸೂಕ್ತ ಪ್ರಮಾಣದ ಸಕ್ಕರೆ ಮತ್ತು ಚಿಟಿಕೆ ಉಪ್ಪನ್ನು ನೀರಿಗೆ ಬೆರೆಸಬೇಕು."
ಇಡೀ ಕರಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಹತ್ತಿಸಿದ ಸಾಲು ಇದು. 'ಸೂಕ್ತ' ಅಂದರೆ ಎಷ್ಟು ಅಂತ ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಚಿಟಿಕೆಯೂ ಕೈಯಿಂದ ಕೈಗೆ ಬದಲಾಗುತ್ತದೆ. ಇಲ್ಲಿ ಅಳತೆ ತಪ್ಪಿದರೆ ರುಚಿ ಕೆಡುವುದಷ್ಟೇ ಅಲ್ಲ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿ ಇನ್ನೂ ಜೋರಾಗುತ್ತದೆ. ಅಳತೆ ಇದು: 1 ಲೀಟರ್ ಶುದ್ಧ ನೀರು, 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗೋಪುರ ನಿಲ್ಲಬಾರದು, ಅಂಚಿಗೆ ಸಮನಾಗಿ ಸವರಿರಬೇಕು. ಇದನ್ನು ಹೇಗೆ ಹೇಳುತ್ತೀರೋ ನೀವೇ ಯೋಚಿಸಿ. ಬರೆದಾದ ಮೇಲೆ ಅದನ್ನೇ ಓದಿಕೊಂಡು ಒಂದು ಸಲ ಬೆರೆಸಿ ನೋಡಿ. ಕೈ ಎಲ್ಲಿ ತಡೆಯುತ್ತದೋ ಅಲ್ಲಿ ಮಾತು ಸಾಲದಾಗಿದೆ ಅಂತ ಅರ್ಥ.

"ದ್ರಾವಣವನ್ನು ಆಗಾಗ್ಗೆ ಸೇವಿಸತಕ್ಕದ್ದು."
ಜೋರಾಗಿ ಓದಿ. ಯಾರು ಯಾರಿಗೆ ಹೇಳುತ್ತಿದ್ದಾರೆ? ಕುಡಿಸುವವರು ಈ ವಾಕ್ಯದಲ್ಲಿ ಇಲ್ಲವೇ ಇಲ್ಲ. ಅವರನ್ನು ಒಳಗೆ ಕರೆದರೆ ಮುಂದಿನ ಪ್ರಶ್ನೆಗಳು ತಾವಾಗಿ ಬರುತ್ತವೆ: ಲೋಟದಲ್ಲೋ ಚಮಚದಲ್ಲೋ? ವಾಂತಿ ಮಾಡಿದರೆ? (10 ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಕುಡಿಸಬೇಕು. ಇದು ಕರಡಿನಲ್ಲಿ ಎಲ್ಲೂ ಇಲ್ಲ.)

"ಎದೆಹಾಲು ನಿಲ್ಲಿಸಬಾರದು."
ನಮ್ಮ ಭಾಷೆಯಲ್ಲಿ 'ಬೇಡ' ಅನ್ನುವುದು ಪದದ ಬಾಲದಲ್ಲಿ ಬರುತ್ತದೆ. ಗಾಬರಿಯಲ್ಲಿ ಓದುವ ಕಣ್ಣು 'ನಿಲ್ಲಿಸ' ಅನ್ನುವಷ್ಟಕ್ಕೇ ನಿಂತುಬಿಡಬಹುದು. ಮಾಡಬೇಕಾದ ಕೆಲಸವನ್ನೇ ನೇರವಾಗಿ ಹೇಳಲು ಬರುತ್ತದಾ ನೋಡಿ.

"ಅತ್ತರೂ ಕಣ್ಣೀರು ಬರುವುದಿಲ್ಲ, ಕಣ್ಣು ಗುಳಿಬಿದ್ದಿರುತ್ತದೆ, ಮೂತ್ರವಿಸರ್ಜನೆಯಲ್ಲಿ ಇಳಿಕೆ ಕಂಡುಬರುತ್ತದೆ."
ಮೊದಲ ಎರಡು ತುಂಬಾ ಚೆನ್ನಾಗಿವೆ. ಮಗುವಿನ ಮುಖ ನೋಡಿದರೆ ಸಾಕು, ಗೊತ್ತಾಗುತ್ತದೆ. ಮೂರನೆಯದನ್ನು ಆ ತಾಯಿ ಎಲ್ಲಿ, ಹೇಗೆ ನೋಡುತ್ತಾರೆ? ಅದನ್ನೂ ಕಣ್ಣಿಗೆ ಕಾಣುವ ಹಾಗೆ ಬರೆಯುವ ಕೈ ನಿಮ್ಮದು, ಮೊದಲೆರಡರಲ್ಲಿ ಅದು ಕಾಣುತ್ತದೆ.

"ತಯಾರಿಸಿದ ದ್ರಾವಣವನ್ನು ದೀರ್ಘಕಾಲ ಇಡಬಾರದು."
24 ಗಂಟೆ. 'ದೀರ್ಘಕಾಲ' ಅನ್ನುವುದೂ 'ಸೂಕ್ತ' ಅಂದ ಹಾಗೆಯೇ, ಕಾರಣ ಸಕ್ಕರೆ ಸಾಲಿನ ಟಿಪ್ಪಣಿಯಲ್ಲೇ ಇದೆ.