ಮಾಲೂರು ತೋಟದಿಂದ ಕಲಾಸಿಪಾಳ್ಯಕ್ಕೆ ಲೋಡ್, ಮಂಗಳವಾರ ರಾತ್ರಿ

ಗಾಡಿ ರಾತ್ರಿ 10:30ಕ್ಕೆ ತೋಟ ಬಿಡ್ತು, ಮಾರ್ಕೆಟ್ ಮುಟ್ಟಿದ್ದು 1:15ಕ್ಕೆ.

ಟೊಮೇಟೊ: 42 ಕ್ರೇಟ್ × 15 ಕೆಜಿ = 630 ಕೆಜಿ
ಕ್ಯಾಪ್ಸಿಕಂ: 12 ಕ್ರೇಟ್ × 10 ಕೆಜಿ = 120 ಕೆಜಿ
ಬೀನ್ಸ್: 8 ಚೀಲ × 30 ಕೆಜಿ = 240 ಕೆಜಿ
ಒಟ್ಟು 990 ಕೆಜಿ, ಕ್ರೇಟ್ ತೂಕ ಕಳೆದು.

ತೋಟದಲ್ಲೇ ವೇಸ್ಟ್: ಟೊಮೇಟೊ ಕಿತ್ತಿದ್ದು 672, ಅದ್ರಲ್ಲಿ 42 ಕೆಜಿ ತೆಗೆದಾಕಿದ್ವಿ, ಊಜಿ ತೂತು ಬಿದ್ದಿದ್ದೇ ಜಾಸ್ತಿ, ಮಿಕ್ಕಿದ್ದು ಭಾನುವಾರದ ಮಳೆಗೆ ಬಿರುಕು ಬಿಟ್ಟಿದ್ದು, ತೂತಿನ ಹಣ್ಣು ಬದು ಮೇಲೆ ಬಿಸಾಕದೆ ಗುಂಡಿ ತೋಡಿ ಮುಚ್ಚಿದೀವಿ, ಇಲ್ಲಾಂದ್ರೆ ಹುಳ ಮತ್ತೆ ಗಿಡಕ್ಕೇ ಬರುತ್ತೆ.

ಮಂಡಿ ತೂಕ: ಟೊಮೇಟೊ 621, ಬೀನ್ಸ್ 238, ಕ್ಯಾಪ್ಸಿಕಂ 120 ಪೂರ್ತಿ. ಒಟ್ಟು 979, ದಾರೀಲಿ ಹೋಗಿದ್ದು 11 ಕೆಜಿ. ಟೊಮೇಟೊ 9 ಕೆಜಿ ಜಜ್ಜಿ ಹೋಗಿದ್ದು ತಳದ ಸಾಲಿನ ಕ್ರೇಟಲ್ಲೇ, ಬಾಯಿಮಟ್ಟಕ್ಕಿಂತ ಮೇಲೆ ತುಂಬಿದ್ರು, ಮೇಲಿನ ಕ್ರೇಟ್ ಹಣ್ಣಿನ ಮೇಲೇ ಕೂತ್ಕೊಂಡಿದೆ. ಪಾಪ, ಇಡೀ ದಿನ ಕಿತ್ತೋರ ಕಷ್ಟ ಅದು. ನಾಳೆಯಿಂದ ಎರಡು ಬೆರಳು ಕಮ್ಮಿ ತುಂಬಿ. ಬೀನ್ಸ್ 2 ಕೆಜಿ ಬರೀ ಒಣಗಿದ್ದು.

ಖಾಲಿ ಕ್ರೇಟ್: ಕಳ್ಸಿದ್ದು 54, ವಾಪಸ್ ಬಂದಿದ್ದು 51. 3 ಮಂಡೀಲಿದೆ, ಗುರುವಾರದ ಗಾಡೀಲಿ ಕೇಳಿ ಇಸ್ಕೊಳ್ಳಿ.